ನನಗೇ ಗೊತ್ತಿರದ ನನ್ನ ಪಗಾರ

ಎಂಬತ್ತರ ದಶಕದ ಶುರುವಿನಲ್ಲಿ ಪುಣೆಯ ಭೋಸರಿಯ ಒಂದು ಪಂಪ್ ಕಾರ್ಖಾನೆಯವರು ನನ್ನನ್ನು ಕೆಲಸಕ್ಕೆ ತೆಗೆದುಕೊಳ್ಳಲು ಮನಸ್ಸು ಮಾಡಿದರು. ಟೈಪಿಂಗ್ ಪರೀಕ್ಷೆಯಲ್ಲಿ ಪಾಸಾಗಿದ್ದೆ. ಇಂಗ್ಲಿಷ್ ಪತ್ರ ಬರೆದು ತೋರಿಸಿದ್ದೆ. ಮಾರಾಟ ವಿಭಾಗದ ಸಾಹೇಬರಿಗೆ ಹುಬ್ಬಳ್ಳಿ, ಬೆಳಗಾವಿ, ದಾವಣಗೆರೆಯ ಡೀಲರುಗಳ ಜೊತೆ ಕನ್ನಡದಲ್ಲಿ ಮಾತಾಡುವವರು ಬೇಕಾಗಿದ್ದರು. ನಾನು ಮರಾಠಿಯನ್ನೂ ಮಾತಾಡುತ್ತೇನೆ, ಹಿಂದಿಯನ್ನೂ ಮಾತಾಡುತ್ತೇನೆ ಎಂದು ತಿಳಿದ ಮೇಲೆ ಅವರ ಮುಖದಲ್ಲಿ ಹಬ್ಬದ ಕಳೆ ಬಂತು. ಇನ್ನೇನು ಎಲ್ಲ ಮುಗಿಯಿತು ಎಂದುಕೊಂಡು ಪಕ್ಕದ ಕೋಣೆಗೆ ಹೋದೆ. ಅಲ್ಲಿ ನೇಮಕಾತಿ, ಪಗಾರ ನೋಡುವ ಪರ್ಸೊನೆಲ್ ಆಫೀಸರು ಕೂತಿದ್ದರು.

ಅವರು ಇಸ್ತ್ರಿ ಮಾಡಿದ ಅಂಗಿಯ, ಇಸ್ತ್ರಿ ಮಾಡಿದಂಥದೇ ಮರಾಠಿಯ ಮನುಷ್ಯ. ಕೂರಲು ಹೇಳಿದರು, ನೀರು ಕೊಡಿಸಿದರು, ಪೆನ್ನಿನ ಮುಚ್ಚಳ ತೆಗೆದರು. ಆಮೇಲೆ ಕೇಳಿದ ಮೊದಲ ಪ್ರಶ್ನೆ: "ಈಗ ನಿಮಗೆ ಎಷ್ಟು ಪಗಾರ?"

ನನಗೆ ಗೊತ್ತಿರಲಿಲ್ಲ.

ನಗಬೇಡಿ. ಮೂರು ವರ್ಷದಿಂದ ಮಾರ್ಕೆಟ್ ಯಾರ್ಡಿನ ಒಂದು ಅಡತಿ ಅಂಗಡಿಯಲ್ಲಿ, ಎಂದರೆ ದಲ್ಲಾಳಿ ಮಂಡಿಯಲ್ಲಿ, ಬೆಳಿಗ್ಗೆಯಿಂದ ಸಂಜೆಯವರೆಗೆ ಟೈಪು ಮಾಡುತ್ತಿದ್ದವಳು ನಾನು. ಬ್ಯಾಂಕಿಗೆ, ಮಾರಾಟ ತೆರಿಗೆ ಕಚೇರಿಗೆ, ದಾರಿಯಲ್ಲಿ ಒದ್ದೆಯಾದ ಬೆಲ್ಲದ ಪರಿಹಾರಕ್ಕಾಗಿ ರೈಲ್ವೆಯವರಿಗೆ, ಹೀಗೆ ಅಂಗಡಿಯಿಂದ ಹೊರಡುವ ಇಂಗ್ಲಿಷ್ ಪತ್ರಗಳೆಲ್ಲ ನನ್ನವೇ. ಆ ಅಂಗಡಿಯ ಸಾವಕಾರರು ವಿಜಾಪುರದ ಕಡೆಯವರು, ನಮ್ಮವರೇ. ನನ್ನ ಮಾವನವರು ಅಲ್ಲಿ ಗುಮಾಸ್ತರು, ಮೀಸೆ ಕಪ್ಪಗಿದ್ದಾಗ ಸೇರಿದವರು. ಮದುವೆಯಾಗಿ ಬಿಬವೇವಾಡಿಯ ಎರಡು ಕೋಣೆಯ ಮನೆಗೆ ಬಂದ ಕೆಲವೇ ತಿಂಗಳಲ್ಲಿ ಅವರು ನನ್ನನ್ನೂ ಅಂಗಡಿಗೆ ಕರೆದುಕೊಂಡು ಹೋಗಿ ಟೈಪ್‌ರೈಟರ್ ಮುಂದೆ ಕೂರಿಸಿದ್ದರು. ತಿಂಗಳ ಕೊನೆಗೆ ಪಗಾರ ತರುವವರು ಅವರು. "ನಿನ್ನ ಪಗಾರ ಮನಿಗೇ ಬರ್ತದವಾ" ಎನ್ನುತ್ತಿದ್ದರು. ಆಮೇಲೆ ಅದರಲ್ಲಿ ನನಗೆ ಹೂವಿಗೆ, ಬಳೆಗೆ ಎಂದು ಸ್ವಲ್ಪ ಕೊಡುತ್ತಿದ್ದರು. ನನ್ನ ಗಂಡ ಒಂದು ವರ್ಕ್‌ಶಾಪಿನಲ್ಲಿ ಟರ್ನರ್. ಅವರ ಪಗಾರವೂ ಸೀದಾ ಮಾವನವರ ಕೈಗೇ ಹೋಗುತ್ತಿತ್ತು. ಇದರಲ್ಲಿ ವಿಚಿತ್ರವೇನೂ ನನಗೆ ಕಂಡಿರಲಿಲ್ಲ. ನಮ್ಮ ಓಣಿಯ ಮುಕ್ಕಾಲು ಮನೆಗಳಲ್ಲಿ ಹೀಗೇ ಇತ್ತು.

ಆದರೆ ನನ್ನ ಗಂಡನಿಗೆ ತಮ್ಮ ಪಗಾರ ಎಷ್ಟೆಂದಾದರೂ ಗೊತ್ತಿತ್ತು.

ಬಿ.ಕಾಂ. ಪಾಸಾದವಳು, ನನ್ನ ಸಂಬಳ ನನಗೇ ಗೊತ್ತಿಲ್ಲ ಎಂದು ಆ ಇಸ್ತ್ರಿಯ ಮುಂದೆ ಹೇಗೆ ಹೇಳುವುದು? ಮಾನ ಹೋಗುತ್ತದೆ. ಹಾಗಾಗಿ ಬಾಯಿಗೆ ಬಂದದ್ದನ್ನು ಹೇಳಿದೆ: "ಅದು ವ್ಯಾಪಾರದ ಅಂಗಡಿ, ಇದು ಕಾರ್ಖಾನೆ. ಆ ಲೆಕ್ಕ ಇಲ್ಲಿಗೆ ಹೊಂದೋದಿಲ್ಲ ಸಾಹೇಬ. ಈ ಕೆಲಸಕ್ಕೆ ನೀವು ಎಷ್ಟು ಇಟ್ಟೀರಿ, ಅದನ್ನ ಹೇಳಿದರೆ ನಾನೂ ವಿಚಾರ ಮಾಡ್ತೀನಿ."

ಅವರು ತಲೆಯೆತ್ತಿ ನನ್ನನ್ನು ನೋಡಿದ ರೀತಿ ಬದಲಾಯಿತು. ಇವಳು ಪಕ್ಕಾ ಅಸಾಮಿ ಎಂದುಕೊಂಡರು ಎಂದು ಈಗ ಅನ್ನಿಸುತ್ತದೆ. ಅವರು ಶಾಂತವಾಗಿ ಕಂಪನಿಯ ಪದ್ಧತಿಯನ್ನು ವಿವರಿಸಿದರು. ಹೊಸಬರಿಗೆ ಹಳೆಯ ಪಗಾರದ ಮೇಲೆ ಹೆಚ್ಚೆಂದರೆ ಐದರಲ್ಲಿ ಒಂದು ಭಾಗ ಸೇರಿಸಿ ಕೊಡುತ್ತಾರೆ. ಹಾಗಾಗಿ ಹಳೆಯದು ಗೊತ್ತಾಗದೆ ಹೊಸದನ್ನು ಹೇಳಲಾಗದು. ಬರುವ ವಾರ ಬನ್ನಿ, ಆಗ ಅಂಕಿ ಹೇಳಿ, ಅಲ್ಲಿಯವರೆಗೆ ಫೈಲು ಮುಂದೆ ಹೋಗುವುದಿಲ್ಲ ಎಂದರು.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಇದನ್ನೇ ಯೋಚಿಸಿದೆ. ಹಳೆಯದರ ಮೇಲೆ ಐದನೆಯ ಒಂದು ಭಾಗ. ಅಂದರೆ ಹಿಂದೆ ಯಾರೋ ಕಡಿಮೆ ಕೊಟ್ಟಿದ್ದರೆ ಇವರೂ ಕಡಿಮೆಯನ್ನೇ ಕೊಡುತ್ತಾರೆ. ಮುಂದೆ ಇನ್ನೊಂದು ಕಡೆ ಹೋದರೆ ಅಲ್ಲಿಯವರು ಇವರದನ್ನು ನೋಡಿ ಕೊಡುತ್ತಾರೆ. ಮೊದಲು ಕೊಟ್ಟವನು ಜಿಪುಣನಾದರೆ ಸಾಯುವ ತನಕ ಅವನ ಜಿಪುಣತನವನ್ನು ಹೊತ್ತು ತಿರುಗಬೇಕು. ಇದು ಯಾವ ಊರಿನ ನ್ಯಾಯವೆಂದು ನನಗೆ ಸಿಟ್ಟು ಬಂತು. ಆ ಸಿಟ್ಟಿನಲ್ಲಿ ಇಳಿಯುವ ಸ್ಟಾಪನ್ನೂ ಬಿಟ್ಟೆ.

ಸಂಜೆ ಮಾವನವರು ಅಂಗಳದಲ್ಲಿ ಚಹಾ ಕುಡಿಯುತ್ತಿದ್ದಾಗ ಮೆಲ್ಲಗೆ ಕೇಳಿದೆ. ಕಾರ್ಖಾನೆಯವರು ಈಗಿನ ಪಗಾರ ಕೇಳುತ್ತಿದ್ದಾರೆ, ನನ್ನದು ಎಷ್ಟು ಎಂದು.

ಅವರು ಬಸಿಯಲ್ಲಿನ ಚಹಾ ಊದಿದರು. "ಮೊದ್ಲ ಅವರು ಎಷ್ಟ ಕೊಡ್ತಾರ ಕೇಳ್ಕೊಂಡ ಬಾ. ಆಮ್ಯಾಲ ಹೇಳ್ತೀನಿ."

"ಅವರು ಇದನ್ನ ಕೇಳಿದ ಮ್ಯಾಲೇ ಅದನ್ನ ಹೇಳ್ತಾರಂತ್ರಿ ಮಾವಾರ."

"ಕೊಂಡ ದರ ಹೇಳಿ ಯಾರರೆ ಮಾಲ ಮಾರ್ತಾರೇನವಾ? ಹೇಳಬ್ಯಾಡ. ಈಗಿಂದಕ್ಕಿಂತ ಎರಡರಷ್ಟ ಕೊಟ್ರ ಹೋಗು. ಇಲ್ಲಾಂದ್ರ ಭೋಸರಿ ಭಾಳ ದೂರ ಅದ, ಮನಿ ಬಾಗಿಲದ ಕೆಲಸಾ ಬಿಟ್ಟ ಅಲ್ಲೀತನಕ ಯಾಕ ಅಲೀಬೇಕು?"

ಮಾತು ಅಲ್ಲಿಗೆ ಮುಗಿಯಿತು. ನಮ್ಮ ಮನೆಯಲ್ಲಿ ಮಾವನವರು ಬಸಿ ಕೆಳಗಿಟ್ಟರೆ ಮಾತು ಮುಗಿದ ಹಾಗೆ.

ನನ್ನ ಪರಿಸ್ಥಿತಿ ನೋಡಿ. ಕಾರ್ಖಾನೆಯವರು ಹಳೆಯ ಅಂಕಿ ಗೊತ್ತಾಗದೆ ಹೊಸದನ್ನು ಹೇಳುವುದಿಲ್ಲ. ಮಾವನವರು ಹೊಸದು ಗೊತ್ತಾಗದೆ ಹಳೆಯದನ್ನು ಹೇಳುವುದಿಲ್ಲ. ನಾನು ಮಾತ್ರ ಗೊತ್ತಿಲ್ಲದ ಒಂದು ಅಂಕಿಯ ಎರಡರಷ್ಟನ್ನು ದುಡಿದು ತೋರಿಸಬೇಕು, ಇಲ್ಲದಿದ್ದರೆ ಆ ಕೆಲಸದ ಆಸೆ ಬಿಡಬೇಕು. ಬಿಡಲು ನನಗೆ ಸುತಾರಾಂ ಮನಸ್ಸಿರಲಿಲ್ಲ. ಅಂಗಡಿಯಲ್ಲಿ ನಾನು ಗುಮಾಸ್ತರ ಸೊಸೆ. ಯಾರೂ ನನ್ನನ್ನು ಬೇರೆ ಹೆಸರಿನಿಂದ ಕರೆದದ್ದಿಲ್ಲ. ಆ ಕಾರ್ಖಾನೆಯಲ್ಲಿ ಟೈಪಿಂಗ್ ಪರೀಕ್ಷೆಗೆ ಕರೆಯುವಾಗ ಜವಾನ ನನ್ನ ಪೂರ್ತಿ ಹೆಸರನ್ನು ಗಟ್ಟಿಯಾಗಿ ಕೂಗಿದ್ದ. ಅದೊಂದೇ ಕಾರಣಕ್ಕೆ ಅಲ್ಲಿ ಕೆಲಸ ಮಾಡಬೇಕು ಎನ್ನಿಸಿತ್ತು.

ಗಂಡನನ್ನು ಕೇಳಿದೆ. "ಅಪ್ಪಗ ಕೇಳು" ಎಂದು ಮಗ್ಗುಲಾದರು. ಅತ್ತೆಯನ್ನು ಕೇಳಿದೆ. ಅವರು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ತನಗೆ ಗಂಡನ ಪಗಾರವೇ ಇವತ್ತಿನವರೆಗೂ ಗೊತ್ತಿಲ್ಲ, ಸೊಸೆಯದು ಹೇಗೆ ಗೊತ್ತಿರಬೇಕು ಎಂದರು. ಸಾವಕಾರರನ್ನೇ ಕೇಳಿಬಿಡಬಹುದಿತ್ತು. ಆದರೆ ಕೇಳಿದರೆ ನಾನು ಬಿಡುವ ವಿಷಯ ಬಾಯಿಂದ ಬಾಯಿಗೆ ಹೋಗಿ, ಅಲ್ಲಿಯ ಕೆಲಸ ಸಿಗುವ ಮೊದಲೇ ಇಲ್ಲಿಯದು ಹೋಗುವುದು ಖಂಡಿತ. ಸುಳ್ಳು ಅಂಕಿ ಹೇಳಿದರೆ? ಆ ಯೋಚನೆಯೂ ಬಂತು. ಆದರೆ ಕಾರ್ಖಾನೆಯವರು ಹಳೆಯ ಕಡೆಯಿಂದ ಪಗಾರದ ಚೀಟಿ ತರಲು ಹೇಳಿದರೆ ಮರ್ಯಾದೆ ಮೂರು ಕಾಸಿಗೆ ಹೋಗುತ್ತದೆ.

ಕೊನೆಗೆ ನನ್ನ ನೆರವಿಗೆ ಬಂದದ್ದು ಟೈಪಿಂಗ್ ಕ್ಲಾಸಿನ ಗೆಳತಿ. ಅವಳು ಮರಾಠಿ ಹುಡುಗಿ, ಚಿಂಚವಡದ ಒಂದು ಕಂಪನಿಯಲ್ಲಿ ಟೈಪಿಸ್ಟ್. ರವಿವಾರ ಅವಳ ಮನೆಗೆ ಹೋಗಿ ಪೋಹೆ ತಿನ್ನುತ್ತಾ ಎಲ್ಲವನ್ನೂ ಹೇಳಿದೆ. ಅವಳು ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಕಣ್ಣೊರೆಸಿಕೊಂಡು ಪಾಠ ಹೇಳಿದಳು. ಆ ಭಾಗದ ಕಾರ್ಖಾನೆಗಳಲ್ಲಿ ಅನುಭವವಿರುವ ಟೈಪಿಸ್ಟುಗಳಿಗೆ ಎಲ್ಲ ಸೇರಿ ಆರುನೂರರಿಂದ ಏಳುನೂರೈವತ್ತರವರೆಗೆ ಸಿಗುತ್ತದೆ. ಪ್ರತಿ ಹುದ್ದೆಗೂ ಒಂದು ಗ್ರೇಡ್ ಇರುತ್ತದೆ, ಅದನ್ನು ಕೇಳಿ ತಿಳಿದುಕೋ. ಮೂಲವೇತನ ಬೇರೆ, ತುಟ್ಟಿಭತ್ಯೆ ಬೇರೆ. ಅವರು ಒಂದನ್ನು ಹೇಳಿದಾಗ ನೀನು ಇನ್ನೊಂದನ್ನು ತಿಳಿದುಕೊಂಡು ಕುಣಿಯಬೇಡ. ಪಿ.ಎಫ್. ಕಡಿತ ಎರಡರ ಮೇಲೂ, ಕೈಗೆ ಬರುವುದು ಅಷ್ಟು ಕಮ್ಮಿ. ಗ್ರೇಡಿನ ಆರಂಭದಲ್ಲೇ ಕೂರಬೇಡ, ಅನುಭವಕ್ಕೆ ಮುಂಗಡ ಇನ್‌ಕ್ರಿಮೆಂಟ್ ಕೇಳು. ಎಲ್ಲಕ್ಕಿಂತ ಮುಖ್ಯ, ಅಂಕಿ ಹೇಳಿದ ಮೇಲೆ ಬಾಯಿ ಮುಚ್ಚಿಕೊಂಡು ಕೂರು, ನೀನೇ ಗಾಬರಿಯಾಗಿ ಇಳಿಸಬೇಡ ಎಂದಳು. ಕೊನೆಯದು ನನಗೆ ಬಹಳ ಕಷ್ಟದ್ದು. ನಾನು ಬಾಯಿ ಮುಚ್ಚಿಕೊಂಡು ಕೂತದ್ದು ಮದುವೆಯ ಮುಹೂರ್ತದಲ್ಲಿ ಮಾತ್ರ.

ಮುಂದಿನ ವಾರ ಮತ್ತೆ ಅದೇ ಕೋಣೆ, ಅದೇ ನೀರಿನ ಲೋಟ, ಅದೇ ಪ್ರಶ್ನೆ. ನಾನು ಈ ಹುದ್ದೆಯ ಗ್ರೇಡ್ ಯಾವುದು ಎಂದೆ. ಅದು ಆಮೇಲಿನ ಮಾತು ಎಂದರು. ಮೊದಲು ಈ ಕುರ್ಚಿಯಲ್ಲಿದ್ದವರು ಎಷ್ಟು ಪಡೆಯುತ್ತಿದ್ದರು ಎಂದೆ. ಅವರು ಹೆಂಡತಿ ಮಕ್ಕಳಿದ್ದ ಗಂಡಸರು, ನಿಮಗೆ ಮನೆಯಲ್ಲಿ ದುಡಿಯುವವರು ಇದ್ದಾರಲ್ಲ ಎಂದರು. ಆಗ ನನಗೆ ಚುರುಕ್ ಎಂದಿತು. ಹುಬ್ಬಳ್ಳಿಯ ಡೀಲರ್ ಪತ್ರ ಬರೆದವರಿಗೆ ಹೆಂಡತಿ ಮಕ್ಕಳಿದ್ದಾರೆಯೇ ಎಂದು ಕೇಳಿ ಪಂಪ್ ಕೊಳ್ಳುತ್ತಾನೇನು ಎಂದುಬಿಟ್ಟೆ. ಅವರು ಪೆನ್ನಿನ ಮುಚ್ಚಳ ಹಾಕಿದರು. ಕೆಟ್ಟೆನಲ್ಲಪ್ಪಾ ಎಂದುಕೊಂಡೆ. ಆದರೂ ಬಂದದ್ದು ಬರಲಿ ಎಂದು ನನ್ನ ಅಂಕಿಯನ್ನು ಮುಂದಿಟ್ಟೆ. ಎಲ್ಲ ಸೇರಿ ಏಳುನೂರು ಎಂದೆ.

ಆಮೇಲೆ ಬಾಯಿ ಮುಚ್ಚಿಕೊಂಡೆ. ಮೇಲೆ ಫ್ಯಾನು ತಿರುಗುತ್ತಿತ್ತು. ಹೊರಗೆ ಯಾರೋ ಕಬ್ಬಿಣ ಬಡಿಯುತ್ತಿದ್ದರು. ಆರುನೂರಾದರೂ ನಡೆಯುತ್ತದೆ ಸಾಹೇಬ ಎಂಬ ಮಾತು ನಾಲಗೆಯ ತುದಿಯವರೆಗೆ ಬಂದು ಹಲ್ಲಿಗೆ ಹೊಡೆದು ವಾಪಸ್ಸು ಹೋಯಿತು.

"ಏಳುನೂರು ದೊಡ್ಡ ಮಾತು" ಎಂದರು ಅವರು ಕೊನೆಗೆ. "ಇಷ್ಟೆಲ್ಲ ಮಾತಾಡುವ ನಿಮಗೆ ಈಗಿನ ಪಗಾರ ಹೇಳುವುದಕ್ಕೆ ಏನು ಅಡ್ಡಿ? ಕಳ್ಳತನದ್ದೇ?"

ಆ ಕೊನೆಯ ಶಬ್ದ ನನ್ನ ತಲೆಗೇರಿತು. "ಅಡ್ಡಿ ಏನೂ ಇಲ್ಲ ಸಾಹೇಬ. ನನಗೆ ಗೊತ್ತಿಲ್ಲ. ನನ್ನ ಪಗಾರ ನನ್ನ ಮಾವನವರು ತಗೊಳ್ತಾರ. ಎಷ್ಟು ಅಂತ ಅವರು ನನಗೆ ಹೇಳಿಲ್ಲ. ನೀವು ಎಷ್ಟು ಕೊಡ್ತೀರಿ ಅಂತ ತಿಳಿದ ಮೇಲೆ ಹೇಳ್ತಾರಂತೆ."

ಅವರು ನನ್ನನ್ನು ನೋಡಿದರು. ನಾನೂ ನೋಡಿದೆ. ಇನ್ನು ಎದ್ದು ಹೋಗುವುದೊಂದೇ ಬಾಕಿ ಎಂದು ಚೀಲಕ್ಕೆ ಕೈ ಹಾಕಿದೆ. ಆ ಇಸ್ತ್ರಿಯ ಮುಖದಲ್ಲಿ ಮೊದಲು ಒಂದು ಸುಕ್ಕು ಬಂತು, ಆಮೇಲೆ ಇನ್ನೊಂದು. ಮನುಷ್ಯ ನಗುತ್ತಿದ್ದರು. ಸದ್ದಿಲ್ಲದೆ, ಭುಜ ಅಲುಗಿಸಿಕೊಂಡು. ನಿಜವಾಗಿ? ಎಂದರು. ನಿಜವಾಗಿ ಎಂದೆ. ಎಂಟು ದಿನದಿಂದ ನಾನು ನಿಮ್ಮನ್ನು ಬಹಳ ದೊಡ್ಡ ಚತುರೆ ಎಂದುಕೊಂಡಿದ್ದೆ ಎಂದರು.

ಆಮೇಲೆ ಕೆಲಸ ಸರಾಗವಾಯಿತು. ಹಳೆಯ ಪಗಾರಕ್ಕೆ ಆಧಾರವೇ ಇಲ್ಲದವರಿಗೆ ಕಂಪನಿಯಲ್ಲಿ ಬೇರೆ ಪದ್ಧತಿ ಇತ್ತು. ಅಂಥವರನ್ನು ಹುದ್ದೆಯ ಗ್ರೇಡಿನಂತೆ ತೆಗೆದುಕೊಳ್ಳಬೇಕು. ಅಂದರೆ ಅವರು ಗ್ರೇಡನ್ನು ಹೇಳಲೇಬೇಕಾಯಿತು. ಮೂಲವೇತನ ನಾನೂರರಿಂದ ಶುರು, ವರ್ಷಕ್ಕೆ ಇಪ್ಪತ್ತರ ಇನ್‌ಕ್ರಿಮೆಂಟ್, ತುಟ್ಟಿಭತ್ಯೆ ಮತ್ತಿತರ ಭತ್ಯೆ ಸೇರಿ ಮೇಲೆ ನೂರಾ ತೊಂಬತ್ತು. ಆರಂಭದಲ್ಲಿ ಕೂರಿ ಎಂದರು. ಮೂರು ವರ್ಷದ ಅನುಭವಕ್ಕೆ ಮೂರು ಇನ್‌ಕ್ರಿಮೆಂಟ್ ಬೇಕು ಎಂದೆ. ಎರಡು ಎಂದರು. ನಾನು ಬರೆದ ಪತ್ರವನ್ನು ಮಾರಾಟದ ಸಾಹೇಬರು ಓದಿದ್ದಾರೆ, ಅದು ಎರಡು ವರ್ಷದ ಅನುಭವದ ಹಾಗೆ ಕಂಡಿತೋ ಮೂರರ ಹಾಗೆ ಕಂಡಿತೋ ಅವರನ್ನೇ ಕೇಳಿ ಎಂದೆ. ಎದ್ದು ಹೋಗಿ ಕೇಳಿಕೊಂಡು ಬಂದು ಮೂರು ಎಂದು ಬರೆದುಕೊಂಡರು. ಕನ್ನಡಕ್ಕೆ ಇನ್ನೊಂದು ಎಂದೆ. ಕನ್ನಡ ಬಾರದವರನ್ನು ಇಟ್ಟುಕೊಂಡರೆ ಆ ಡೀಲರುಗಳಿಗಾಗಿ ಇನ್ನೊಬ್ಬರನ್ನು ಇಡಬೇಕಾಗುತ್ತದೆ ಎಂದೂ ಹೇಳಿದೆ. ಅದಕ್ಕೂ ಹೂಂ ಎಂದರು. ಎಲ್ಲ ಸೇರಿ ಆರುನೂರಾ ಎಪ್ಪತ್ತು. ಮನೆ ಹತ್ತಿರದ ಸ್ವಾರ್‌ಗೇಟಿನಿಂದ ಕಂಪನಿ ಬಸ್ಸು. ಏಳುನೂರಕ್ಕೆ ಮೂವತ್ತು ಕಡಿಮೆ ಎಂದು ನಾನು ಮುಖ ಸಣ್ಣ ಮಾಡಿದಾಗ, ಬಸ್ಸಿನ ಖರ್ಚು ಉಳಿಯುತ್ತದಲ್ಲ, ಆರು ತಿಂಗಳ ಪ್ರೊಬೇಷನ್ ಮುಗಿಯಲಿ, ಆಗ ಮತ್ತೆ ಜಗಳಾಡಲು ಬನ್ನಿ ಎಂದರು.

ಹಾರಿಕೊಂಡೇ ಮನೆಗೆ ಬಂದೆ. ಮಾವನವರು ಅಂಗಳದಲ್ಲಿದ್ದರು. ಎಷ್ಟು ಎಂದು ಕಣ್ಣಲ್ಲೇ ಕೇಳಿದರು. ನಾನು ಅವರ ಮುಂದೆ ಕೆಳಗೆ ಕೂತು, "ಇಲ್ರಿ ಮಾವಾರ, ನೀವು ಮೊದ್ಲ ಹೇಳ್ರಿ. ಎರಡರಷ್ಟು ಹೌದೋ ಅಲ್ಲೋ ಆಮ್ಯಾಲ ನೋಡೂಣು" ಎಂದೆ. ಬಾಗಿಲ ಒಳಗಿನಿಂದ ಅತ್ತೆ ಕೆಮ್ಮಿದರು. ಮಾವನವರಿಗೆ ಹಾಗೆ ಎದುರು ಕೂತು ಕೇಳಿದವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ನನಗೆ ಒಳಗೊಳಗೇ ಗೆದ್ದ ಸುಖ. ಇನ್ನೂರು ಎನ್ನಬಹುದು, ಇನ್ನೂರೈವತ್ತು ಎನ್ನಬಹುದು, ಮುನ್ನೂರಾದರೂ ಎರಡರಷ್ಟು ದಾಟುತ್ತದೆ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದ್ದೆ.

ಅವರು ನನ್ನನ್ನು ನೋಡದೆ ನೆಲ ನೋಡಿದರು.

"ನಿಂದಂತ ಬ್ಯಾರೆ ಪಗಾರ ಏನೂ ಇಲ್ಲವಾ."

ನನಗೆ ಅರ್ಥವಾಗಲಿಲ್ಲ. ಇಲ್ಲ ಎಂದರೆ? ಅವರು ನಿಧಾನವಾಗಿ, ಬೇರೆ ಯಾರದೋ ವಿಷಯದಂತೆ ಹೇಳಿದರು. ನನ್ನ ಮದುವೆಯ ವರ್ಷ ಸಾವಕಾರರು ಇಂಗ್ಲಿಷ್ ಪತ್ರದ ಕೆಲಸ ಹೆಚ್ಚಾಯಿತು, ಕಲಿತ ಹುಡುಗನೊಬ್ಬನನ್ನು ಇಡುತ್ತೇನೆ ಎನ್ನುತ್ತಿದ್ದರು. ಕಲಿತ ಹುಡುಗ ಬಂದರೆ ಮುಂದೆ ಲೆಕ್ಕವನ್ನೂ ಅವನೇ ನೋಡುತ್ತಾನೆ, ಮುದುಕ ಗುಮಾಸ್ತನಿಗೆ ಮನೆಯ ದಾರಿ. ಆಗ ಮಾವನವರು, ನಮ್ಮ ಸೊಸೆಯೇ ಬರೆಯುತ್ತಾಳೆ ಎಂದರು. ಸಾವಕಾರರು ಬಹಳ ಚಲೋ ಆಯಿತು ಎಂದರು. ಗುಮಾಸ್ತನ ಮನೆಯವರು ಮಾಡಿದ ಕೆಲಸ ಗುಮಾಸ್ತನ ಪಗಾರದಲ್ಲೇ ಬಂತು. ಆ ಅಂಗಡಿಗಳಲ್ಲಿ ಹಾಗೇ ನಡೆದುಕೊಂಡು ಬಂದಿತ್ತು. ಪಗಾರದ ಮಾತನ್ನು ಅವರೂ ಎತ್ತಲಿಲ್ಲ, ಇವರೂ ಎತ್ತಲಿಲ್ಲ. ಪ್ರತಿ ತಿಂಗಳು ನನಗೆ ಹೂವಿಗೆಂದು ಕೊಟ್ಟದ್ದು ಮಾವನವರದೇ ಪಗಾರದಿಂದ.

"ನನ್ನ ಕುರ್ಚಿ ಉಳೀತು" ಎಂದರು. "ಅದ ನಿನ್ನ ಪಗಾರ."

ನನಗೆ ಅಳು ಬಂತು. ದುಃಖಕ್ಕಲ್ಲ, ಸಿಟ್ಟಿಗೆ. ಮೂರು ವರ್ಷ ನನ್ನ ಬೆರಳು ಸವೆದದ್ದು ಸೊನ್ನೆಗೆ. ಆ ಆಫೀಸರಿಗೆ ಮೊದಲ ದಿನವೇ ಇದು ಗೊತ್ತಿದ್ದರೆ, ಸೊನ್ನೆಯ ಮೇಲೆ ಐದನೆಯ ಒಂದು ಭಾಗ ಎಷ್ಟಾಗುತ್ತಿತ್ತು? ಇನ್ನೊಂದು ಕಡೆ, ಆ ನೆಲ ನೋಡುವ ಮುಖ ನನ್ನನ್ನು ಪೂರ್ತಿ ಸಿಟ್ಟಾಗಲೂ ಬಿಡಲಿಲ್ಲ. ಅದಕ್ಕೂ ಸಿಟ್ಟು ಬಂತು. ಕಣ್ಣೊರೆಸಿಕೊಂಡು, ಆರುನೂರಾ ಎಪ್ಪತ್ತು ಎಂದು ಹೇಳಿದೆ. ಒಂದನೇ ತಾರೀಖಿನಿಂದ ಹೋಗುತ್ತೇನೆ, ಅಲ್ಲಿ ಸಹಿ ಹಾಕಿ ಪಗಾರ ತೆಗೆದುಕೊಳ್ಳುವವಳು ನಾನೇ ಎಂದೂ ಹೇಳಿದೆ. ಅವರು ಬೇಡ ಎನ್ನಲಿಲ್ಲ. ಅಷ್ಟು ದೊಡ್ಡ ಅಂಕಿ ಅವರ ಪಗಾರಕ್ಕಿಂತ ಹೆಚ್ಚಿತ್ತು ಎಂದು ಆಮೇಲೆ ಗಂಡನಿಂದ ತಿಳಿಯಿತು.

ಮರುದಿನ ಮಾವನವರು ಒಬ್ಬರೇ ಅಂಗಡಿಗೆ ಹೋದರು. ಮಧ್ಯಾಹ್ನ ಊಟಕ್ಕೆ ಬಂದಾಗ ಕೈ ತೊಳೆಯದೆ ಹೊಸ್ತಿಲಲ್ಲೇ ನಿಂತರು. ಸೊಸೆ ಬಿಡುತ್ತಾಳೆ ಎಂದು ಸಾವಕಾರರಿಗೆ ಹೇಳಿದ್ದರಂತೆ. ಸಾವಕಾರರು ಲೆಕ್ಕದಿಂದ ತಲೆ ಎತ್ತದೆ, ಕಾರ್ಖಾನೆಯವರು ಎಷ್ಟು ಕೊಡುತ್ತಾರೆ ಎಂದೂ ಕೇಳದೆ, ಬಿಡುವುದು ಬೇಡ, ತಿಂಗಳಿಗೆ ನಾನೂರು ಕೊಡುತ್ತೇನೆ, ನಿಮ್ಮ ಪಗಾರ ನಿಮಗೆ ಬೇರೆ ಎಂದರಂತೆ. ಅಷ್ಟು ಸಲೀಸಾಗಿ, ಚಹಾ ತರಿಸುವಷ್ಟು ಸಲೀಸಾಗಿ.

ಹೋಗುತ್ತೀಯೋ ಇರುತ್ತೀಯೋ ಎಂದು ಮಾವನವರು ಕೇಳಲಿಲ್ಲ. ಹೋಗುತ್ತೇನೆಂದು ಅವರಿಗೂ ಗೊತ್ತಿತ್ತು. ಸಾವಕಾರರು ಮುಂದೆ ಪಗಾರ ಕೊಟ್ಟು ಒಬ್ಬ ಹುಡುಗನನ್ನು ಇಟ್ಟರು, ಮಾವನವರನ್ನೂ ಬಿಡಿಸಲಿಲ್ಲ. ಆದರೆ ಆ ಮಧ್ಯಾಹ್ನ ಅದು ನಮಗೆ ತಿಳಿದಿರಲಿಲ್ಲ. ಅವರು ಬಾಗಿಲ ಚೌಕಟ್ಟಿಗೆ ಕೈ ಕೊಟ್ಟು ನಿಂತಿದ್ದರು. ನಾನು ನೀರಿನ ತಂಬಿಗೆ ಹಿಡಿದು ಕಾದೆ.

"ಅವತ್ತ ಕೇಳಿದ್ರ ಕೊಡ್ತಿದ್ದಾ ಅಂತ ಕಾಣಸ್ತದವಾ" ಎಂದರು. "ನಾನ ಕೇಳಲಿಲ್ಲ."